ಟೋಕನ್ ಕೊಡುವ ಮೊದಲು ಎರಡು ಪುಟ ಬರೆಸಿಕೊಂಡೆವು

ಬೆಂಗಳೂರಿನಲ್ಲಿ ಹಳೆ ಫ್ಲ್ಯಾಟ್ ಕೊಳ್ಳುವವರು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಮನೆ ನೋಡುತ್ತಾರೆ, ರೇಟು ಮಾತಾಡುತ್ತಾರೆ, ಬೇರೆಯವರು ಹಾರಿಸಿಕೊಂಡು ಹೋಗಬಾರದು ಅಂತ ಅವತ್ತೇ ಐವತ್ತು ಸಾವಿರವೋ ಒಂದು ಲಕ್ಷವೋ ಟೋಕನ್ ಕೊಟ್ಟುಬಿಡುತ್ತಾರೆ. ದಾಖಲೆ, ವಕೀಲರು, ಬ್ಯಾಂಕು ಎಲ್ಲ ಆಮೇಲೆ. ನಾವೂ ಮೊದಲ ಸಲ ಹಾಗೇ ಮಾಡಿದೆವು.

ಆ ಮೊದಲ ಫ್ಲ್ಯಾಟ್ ಐದನೇ ಮಹಡಿಯಲ್ಲಿತ್ತು. ಗಾಳಿ ಬೆಳಕು ಚೆನ್ನಾಗಿತ್ತು, ನನ್ನ ಹೆಂಡತಿಗೆ ಅಡುಗೆಮನೆ ತುಂಬಾ ಇಷ್ಟವಾಗಿತ್ತು. ಒಂದು ಲಕ್ಷ ಕೊಟ್ಟು ರಸೀದಿ ತಗೊಂಡೆವು. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಫ್ಲ್ಯಾಟ್ ಮಾರಾಟದ ಬಾಬ್ತು ಮುಂಗಡವಾಗಿ ಒಂದು ಲಕ್ಷ ರೂಪಾಯಿ ಪಡೆದಿದ್ದೇನೆ.' ಮೂರು ವಾರದ ನಂತರ ಬ್ಯಾಂಕಿನವರು ಸಾಲ ಕೊಡಲ್ಲ ಅಂದರು. ಕಟ್ಟಡಕ್ಕೆ ಮಂಜೂರಾದ ನಕ್ಷೆಯಲ್ಲಿ ಇದ್ದದ್ದು ನಾಲ್ಕೇ ಮಹಡಿ. ನಾವು ಕೊಳ್ಳಲು ಹೊರಟಿದ್ದ ಮಹಡಿ ಕಾಗದದ ಮೇಲೆ ಇರಲೇ ಇಲ್ಲ.

ದುಡ್ಡು ವಾಪಸ್ ಕೇಳಿದರೆ ಮಾಲೀಕರು, 'ನಾನು ಮಾರಲ್ಲ ಅಂತ ಹೇಳಿದ್ದೀನಾ? ಸಾಲ ಸಿಗದೇ ಇರೋದು ನಿಮ್ಮ ಕಷ್ಟ' ಅಂದರು. ಆ ರಸೀದಿ ಇಟ್ಟುಕೊಂಡು ನಾವು ಏನು ತಾನೇ ವಾದ ಮಾಡುವುದು? ಯಾವ ಸಂದರ್ಭದಲ್ಲಿ ಹಣ ವಾಪಸ್ ಅಂತ ಅದರಲ್ಲಿ ಒಂದಕ್ಷರ ಇರಲಿಲ್ಲ. ನಾಲ್ಕು ತಿಂಗಳು ಓಡಾಡಿದ ಮೇಲೆ ಅರವತ್ತು ಸಾವಿರ ಬಂತು. ಉಳಿದದ್ದು ಬರಲೇ ಇಲ್ಲ.

ಎರಡನೇ ಸಲ ಮನೆ ಸಿಕ್ಕಾಗ ಟೋಕನ್‌ಗೂ ಮೊದಲು ವಕೀಲರ ಹತ್ತಿರ ಹೋದೆವು. ನಾನೇ ಒಂದು ಹಾಳೆಯಲ್ಲಿ ಷರತ್ತು ಬರೆದುಕೊಂಡು ಹೋಗಿದ್ದೆ: 'ಟೈಟಲ್ ಕ್ಲಿಯರ್ ಇರಬೇಕು. ಮೇ ತಿಂಗಳಲ್ಲಿ ಮನೆ ಬಿಟ್ಟುಕೊಡಬೇಕು. ಸಾಲ ಸಿಗದಿದ್ದರೆ ಹಣ ವಾಪಸ್.' ಲಾಯರ್ ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಿದರು. ಟೈಟಲ್ ಕ್ಲಿಯರ್ ಅಂತ ತೀರ್ಮಾನ ಮಾಡುವವರು ಯಾರು? ಎಷ್ಟು ದಿನದ ಒಳಗೆ? ಆಗದಿದ್ದರೆ ಯಾರು, ಎಷ್ಟು, ಯಾವತ್ತು ಕೊಡಬೇಕು? 'ಈ ಮೂರಕ್ಕೆ ಉತ್ತರ ಇಲ್ಲದ ಷರತ್ತು ಷರತ್ತೇ ಅಲ್ಲ, ಅದು ಬರೀ ಆಸೆ' ಅಂದರು. ಅವತ್ತು ನಾವು ಬರೆಸಿದ ಎರಡು ಪುಟದ ಪತ್ರ ನಿಂತಿದ್ದು ಈ ಮೂರು ಪ್ರಶ್ನೆಗಳ ಮೇಲೆ.

ಮನೆ ವಿಷಯ ಹೇಳುತ್ತೇನೆ. ಹನ್ನೆರಡು ವರ್ಷ ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್, ಎರಡನೇ ಮಹಡಿ. ಮಾತಾದ ಬೆಲೆ 72 ಲಕ್ಷ. ಅದರಲ್ಲಿ 55 ಲಕ್ಷ ಬ್ಯಾಂಕ್ ಸಾಲ, 17 ಲಕ್ಷ ನಮ್ಮ ಕೈಯಿಂದ. ಮಾರುತ್ತಿದ್ದವರು ಅರವತ್ತು ದಾಟಿದ ಒಬ್ಬ ಅಮ್ಮ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗನ ಜೊತೆ ಬೇರೆ ಕಡೆ ಇದ್ದರು, ಈ ಫ್ಲ್ಯಾಟನ್ನು ಒಂದು ಸಂಸಾರಕ್ಕೆ ಲೀಸ್‌ಗೆ ಕೊಟ್ಟಿದ್ದರು. ಈ ಎರಡು ಸಂಗತಿಗಳಿಂದಲೇ, ಅಂದರೆ ಯಜಮಾನರು ಹೋಗಿದ್ದು ಮತ್ತು ಮನೆಯಲ್ಲಿ ಲೀಸ್‌ನವರು ಇದ್ದದ್ದು, ನಮ್ಮ ಷರತ್ತುಗಳು ನಿಜಕ್ಕೂ ಕೆಲಸಕ್ಕೆ ಬಂದವು.

ಟೋಕನ್ ಒಂದೇ ಲಕ್ಷ ಅಂತ ಗಟ್ಟಿಯಾಗಿ ನಿಂತೆವು. ಬ್ರೋಕರ್ ಐದು ಲಕ್ಷ ಕೊಡಿ ಅಂದರು. ದಾಖಲೆ ನೋಡುವ ಮೊದಲು ಕೊಡುವ ದುಡ್ಡು ಜಾಸ್ತಿಯಾದಷ್ಟೂ ನಮ್ಮ ಮಾತಿನ ಬಲ ಕಡಿಮೆಯಾಗುತ್ತದೆ. ನಗದು ಕೊಡಲಿಲ್ಲ, ಬ್ಯಾಂಕ್ ಖಾತೆಗೇ ಹಾಕಿದೆವು. ಹಣ ವಾಪಸಾತಿಯ ಷರತ್ತು ಹೀಗಿತ್ತು:

'ಮಾರಾಟಗಾರರು ದಾಖಲೆಗಳ ಪೂರ್ತಿ ಪ್ರತಿ ಕೊಟ್ಟ ದಿನದಿಂದ 15 ದಿನದ ಒಳಗೆ ಖರೀದಿದಾರರ ವಕೀಲರು ಲಿಖಿತ ಅಭಿಪ್ರಾಯ ಕೊಡತಕ್ಕದ್ದು. ಅದರಲ್ಲಿ ದೋಷ ಕಂಡುಬಂದರೆ ಸರಿಪಡಿಸಲು ಮಾರಾಟಗಾರರಿಗೆ 60 ದಿನ. ಅಷ್ಟರಲ್ಲಿ ಸರಿಯಾಗದಿದ್ದರೆ ಅಥವಾ ಕಟ್ಟಡ ಇಲ್ಲವೇ ಹಕ್ಕುಪತ್ರದ ಕಾರಣಕ್ಕೆ ಬ್ಯಾಂಕ್ ಸಾಲ ನಿರಾಕರಿಸಿದರೆ, ಟೋಕನ್ ಹಣ ಪೂರ್ತಿಯಾಗಿ 7 ದಿನದ ಒಳಗೆ ಖರೀದಿದಾರರ ಖಾತೆಗೆ ವಾಪಸ್. ಈ ಅವಧಿಯಲ್ಲಿ ಫ್ಲ್ಯಾಟನ್ನು ಬೇರೆ ಯಾರಿಗೂ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ.'

'ಪೂರ್ತಿ ಪ್ರತಿ' ಅನ್ನುವ ಮಾತು ಮೇಡಂ ಸೇರಿಸಿದ್ದು. ಇಲ್ಲದಿದ್ದರೆ ಇವತ್ತೊಂದು ಕಾಗದ, ಮುಂದಿನ ವಾರ ಇನ್ನೊಂದು ಕಾಗದ ಕೊಟ್ಟು ಹದಿನೈದು ದಿನ ಕಳೆದುಹೋಗುತ್ತದೆ. ಯಾವ ಯಾವ ದಾಖಲೆ ಅಂತಲೂ ಪಟ್ಟಿ ಹಾಕಿದ್ದರು.

ಆ ಅಮ್ಮನ ಮಗ ಓದಿ, ತಮ್ಮ ಕಡೆಯಿಂದ ಒಂದು ಷರತ್ತು ಹಾಕಿದರು. ಈ ಕಾರಣಗಳು ಬಿಟ್ಟು ಬೇರೆ ಯಾವುದಕ್ಕೋ ನಾವೇ ಹಿಂದೆ ಸರಿದರೆ ಟೋಕನ್ ಬಿಟ್ಟುಕೊಡಬೇಕು. ಅದು ನ್ಯಾಯವೇ. ಅವರು ಎರಡು ತಿಂಗಳು ಮನೆಯನ್ನು ಬೇರೆಯವರಿಗೆ ತೋರಿಸದೆ ಕಾಯುತ್ತಾರೆ, ನಾವು ಸುಮ್ನೆ ಮನಸ್ಸು ಬದಲಾಯಿಸಿದರೆ ಅವರಿಗೆ ನಷ್ಟ ಅಲ್ವಾ? ಹಾಗೆಯೇ ನಮ್ಮ ಸಂಬಳ ಸಾಲದೆ ಲೋನ್ ಸಿಗದಿದ್ದರೆ ಅದು ಅವರ ತಪ್ಪಲ್ಲ ಅಂತ ಅವರು ಹೇಳಿದ್ದನ್ನೂ ಒಪ್ಪಿದೆವು. ಅದಕ್ಕೆ ಟೋಕನ್ ಕೊಡುವ ಮೊದಲೇ ಬ್ಯಾಂಕಿನಲ್ಲಿ ನಮ್ಮ ಆದಾಯಕ್ಕೆ ಎಷ್ಟು ಸಾಲ ಸಿಗುತ್ತದೆ ಅಂತ ಬರೆಸಿಕೊಂಡು ಬಂದೆವು.

ಇನ್ನು ಹಕ್ಕಿನ ವಿಷಯ. ಬ್ರೋಕರ್ ಮೊದಲ ದಿನದಿಂದ ಹೇಳುತ್ತಿದ್ದ ಮಾತು ಒಂದೇ: 'ಸಾರ್, ಖಾತಾ ಅಮ್ಮನ ಹೆಸರಿಗೆ ಆಗಿದೆ, ತೆರಿಗೆ ಅವರೇ ಕಟ್ಟುತ್ತಾ ಇದ್ದಾರೆ, ಅಸೋಸಿಯೇಷನ್‌ನಲ್ಲಿ ನಾಮಿನಿನೂ ಅವರೇ. ಇನ್ನೇನು ಬೇಕು?' ಕೇಳಿದರೆ ಸರಿ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ವಕೀಲರು ಹನ್ನೊಂದನೇ ದಿನ ಫೋನ್ ಮಾಡಿದರು. ಕ್ರಯಪತ್ರ ಇರುವುದು ಯಜಮಾನರ ಹೆಸರಲ್ಲಿ. ಅವರು ವಿಲ್ ಬರೆದಿಲ್ಲ. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವರ ಸ್ವಂತ ದುಡಿಮೆಯ ಆಸ್ತಿ ಹೆಂಡತಿಗೆ ಮಾತ್ರ ಹೋಗುವುದಿಲ್ಲ. ಹೆಂಡತಿ, ಮಕ್ಕಳು, ಜೊತೆಗೆ ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮಪಾಲು. ಖಾತಾ ಅನ್ನುವುದು ತೆರಿಗೆ ಯಾರು ಕಟ್ಟಬೇಕು ಅನ್ನುವ ಲೆಕ್ಕ, ಅದು ಹಕ್ಕು ಕೊಡುವುದಿಲ್ಲ. ನಾಮಿನಿ ಆದವರೂ ಅದರಿಂದಲೇ ಮಾಲೀಕರಾಗುವುದಿಲ್ಲ.

ನಾಡಕಚೇರಿಯಿಂದ ತಂದ ವಂಶವೃಕ್ಷ ನೋಡಿದರೆ ಅಮ್ಮ, ಮಗ, ವಿದೇಶದಲ್ಲಿರುವ ಮಗಳು. ಮೂರು ಹೆಸರು. ಮೇಡಂ ಕೇಳಿದರು, 'ಯಜಮಾನರ ತಾಯಿ ಇದ್ದಾರಾ?' ಮಗ ಸಹಜವಾಗಿ ಹೇಳಿದರು: 'ಅಜ್ಜಿ ಇದ್ದಾರೆ ಮೇಡಂ, ತುಮಕೂರಲ್ಲಿ ಚಿಕ್ಕಪ್ಪನ ಮನೆಯಲ್ಲಿ. ಎಂಬತ್ತನಾಲ್ಕು ವರ್ಷ. ಅವರಿಗೂ ಇದಕ್ಕೂ ಏನು ಸಂಬಂಧ?'

ಸಂಬಂಧ ಇತ್ತು. ನಾಲ್ಕರಲ್ಲಿ ಒಂದು ಪಾಲು ಆ ಅಜ್ಜಿಯದು. 72 ಲಕ್ಷದ ಮನೆಯಲ್ಲಿ 18 ಲಕ್ಷ. ಯಾರೂ ಮುಚ್ಚಿಟ್ಟಿರಲಿಲ್ಲ, ಆ ಮನೆಯವರಿಗೇ ಗೊತ್ತಿರಲಿಲ್ಲ. ನಾವು ಬರೀ ಅಮ್ಮನ ಸಹಿ ಹಾಕಿಸಿಕೊಂಡು ಕೊಂಡಿದ್ದರೆ ನಮಗೆ ದಕ್ಕುತ್ತಿದ್ದದ್ದು ಅವರ ಕಾಲು ಭಾಗ ಮಾತ್ರ. ಮಗ ಮಗಳೂ ಸಹಿ ಹಾಕಿದ್ದರೂ ಅಜ್ಜಿಯ ಪಾಲು ಹೊರಗೇ ಉಳಿಯುತ್ತಿತ್ತು. ನಾಳೆ ಅಜ್ಜಿ ಹೋದರೆ ಆ ಪಾಲು ಅವರ ಎಲ್ಲ ಮಕ್ಕಳಿಗೂ ಹರಡಿಕೊಳ್ಳುತ್ತದೆ. ಚಿಕ್ಕಪ್ಪ, ಅತ್ತೆಯಂದಿರು, ಅವರ ಮಕ್ಕಳು. ಹತ್ತು ವರ್ಷ ಬಿಟ್ಟು ನಾವು ಮಾರಲು ಹೋದಾಗ ಬೇರೆ ಯಾರೋ ವಕೀಲರು ಇದೇ ಪ್ರಶ್ನೆ ಕೇಳುತ್ತಾರೆ, ಆಗ ನಾವು ಯಾರ ಮನೆ ಬಾಗಿಲಿಗೆ ಹೋಗುವುದು?

ಇಸಿಯಲ್ಲಿ ಇದು ಕಾಣುವುದಿಲ್ಲ ಅನ್ನುವುದನ್ನು ಗಮನಿಸಬೇಕು. ಇಸಿ ಅಂದರೆ ಋಣಭಾರ ಪತ್ರ, ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಒಬ್ಬರ ಸಾವು ನೋಂದಣಿ ವ್ಯವಹಾರವಲ್ಲ. ಆ ಫ್ಲ್ಯಾಟಿನ ಇಸಿಯಲ್ಲಿ ಎರಡೇ ನಮೂದು ಇದ್ದವು: ಬಿಲ್ಡರ್‌ನಿಂದ ಯಜಮಾನರಿಗೆ ಕ್ರಯ, ಮತ್ತು ಅವರು ಬ್ಯಾಂಕಿಗೆ ಬರೆದುಕೊಟ್ಟ ಅಡಮಾನ. ಸಾಲ ಅವರು ಇರುವಾಗಲೇ ತೀರಿತ್ತು, ಆದರೆ ಅಡಮಾನ ಬಿಡುಗಡೆಯನ್ನು ಯಾರೂ ನೋಂದಣಿ ಮಾಡಿಸಿರಲಿಲ್ಲ. ಅದನ್ನೂ ಸರಿಪಡಿಸುವ ಪಟ್ಟಿಗೆ ಸೇರಿಸಿದೆವು. ಬ್ಯಾಂಕಿಗೆ ಎರಡು ಸಲ ಹೋಗಿ ಬಂದದ್ದರಲ್ಲಿ ಅದು ಮುಗಿಯಿತು.

ಹಕ್ಕು ಸರಿಮಾಡಲು ಎರಡು ದಾರಿ ಇತ್ತು. ನಾಲ್ಕೂ ಜನ ಕ್ರಯಪತ್ರಕ್ಕೆ ಸಹಿ ಹಾಕುವುದು ಒಂದು. ಮೂರು ಜನ ತಮ್ಮ ಪಾಲನ್ನು ಹಕ್ಕು ಬಿಡುಗಡೆ ಪತ್ರದ ಮೂಲಕ ಅಮ್ಮನಿಗೆ ಬಿಟ್ಟುಕೊಟ್ಟು, ಆಮೇಲೆ ಅಮ್ಮ ಒಬ್ಬರೇ ನಮಗೆ ಮಾರುವುದು ಇನ್ನೊಂದು. ನಾವು ಎರಡನೆಯದನ್ನು ಕೇಳಿದೆವು, ಅದಕ್ಕೆ ಮಗಳು ವಿದೇಶದಲ್ಲಿ ಇರುವುದೇ ಕಾರಣ. ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರು 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ನಮ್ಮ ಲೆಕ್ಕದಲ್ಲಿ 72,000 ರೂಪಾಯಿ. ಅದು ಮಾರುವವರು ಇಲ್ಲೇ ವಾಸ ಇದ್ದಾಗ. ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆದರೆ ಅವರ ಪಾಲಿಗೆ ನಿಯಮವೇ ಬೇರೆ, ಹಿಡಿಯಬೇಕಾದ ತೆರಿಗೆಯೂ ತುಂಬಾ ಜಾಸ್ತಿ. ಕಡಿಮೆ ಹಿಡಿದರೆ ಇಲಾಖೆ ಕೇಳುವುದು ಕೊಂಡವರನ್ನು.

ಮಗಳು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಣ್ಣನ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ ಕಳಿಸಿದರು. ಹೊರದೇಶದಲ್ಲಿ ಮಾಡಿದ ಪತ್ರಕ್ಕೆ ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು, ಇಲ್ಲದಿದ್ದರೆ ಅದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯುವುದಿಲ್ಲ. ಎಲ್ಲ ಸೇರಿ ಐದು ವಾರ ಹಿಡಿಯಿತು. ಅದಕ್ಕೇ ನಾವು 30 ದಿನ ಅಂದಾಗ ಮೇಡಂ 60 ಅಂತ ತಿದ್ದಿದ್ದು. ಆಗದ ಗಡುವು ಹಾಕಿದರೆ ಅದನ್ನು ಇಬ್ಬರೂ ಮೀರುತ್ತಾರೆ, ಆಮೇಲೆ ಯಾವ ಗಡುವಿಗೂ ಬೆಲೆ ಇರುವುದಿಲ್ಲ ಅಂತ ಅವರು ಹೇಳಿದ್ದು ನಿಜ.

ಅಜ್ಜಿಯನ್ನು ಮಾರ್ಚ್ ಕೊನೆಯ ವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕಾರಿನಲ್ಲಿ ಕರೆತಂದರು. ಚಿಕ್ಕಪ್ಪನೂ ಜೊತೆಗೆ ಬಂದಿದ್ದರು. ಒಳಗೆ ಕರೆಯುವ ಮೊದಲು ಮೇಡಂ ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತು ಪತ್ರವನ್ನು ಪೂರ್ತಿ ಓದಿ ಹೇಳಿದರು. 'ಅಜ್ಜಿ, ಇದರಲ್ಲಿ ನಿಮಗೂ ಪಾಲಿದೆ. ಅದನ್ನು ಸೊಸೆಗೆ ಬಿಟ್ಟುಕೊಡ್ತಾ ಇದ್ದೀರಿ. ಬೇಡ ಅಂದರೆ ಈಗಲೇ ಹೇಳಿ' ಅಂದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಮಗನ ಮನೆ ಅದು. ಅವಳೇ ಅಲ್ಲವಾ ಅವನನ್ನ ನೋಡಿಕೊಂಡಿದ್ದು. ಅವಳಿಗೇ ಇರಲಿ' ಅಂದರು. ಆದರೆ ಹೆಬ್ಬೆಟ್ಟಿನ ಗುರುತು ಯಂತ್ರಕ್ಕೆ ಸಿಗಲಿಲ್ಲ. ಬೆರಳಿನ ಗೆರೆಗಳು ಸವೆದುಹೋಗಿದ್ದವು. ಸೊಸೆ ತಮ್ಮ ಸೆರಗಿನ ತುದಿಯಿಂದ ಆ ಬೆರಳನ್ನು ಒರೆಸಿ ಒರೆಸಿ ಇಟ್ಟರು. ನಾಲ್ಕನೇ ಸಲಕ್ಕೆ ಪರದೆಯ ಮೇಲೆ ಗುರುತು ಮೂಡಿತು.

ನಾವು ಅಲ್ಲಿ ಇರಬೇಕಾದ ಅಗತ್ಯ ಇರಲಿಲ್ಲ, ಆದರೂ ಹೋಗಿದ್ದೆವು. ಅಜ್ಜಿ ತಿಳಿದು ಒಪ್ಪಿದ್ದನ್ನು ಕಣ್ಣಾರೆ ನೋಡಬೇಕು ಅನ್ನಿಸಿತ್ತು. ವಯಸ್ಸಾದವರಿಗೆ ಗೊತ್ತಿಲ್ಲದೆ ಹೆಬ್ಬೆಟ್ಟು ಹಾಕಿಸಿಕೊಂಡರು ಅಂತ ಆಮೇಲೆ ಕೇಸು ಬೀಳುವುದನ್ನು ನಾವೆಲ್ಲ ಕೇಳಿಯೇ ಇದ್ದೇವೆ. ಅದಕ್ಕಿಂತ ಮುಖ್ಯವಾಗಿ, ಯಾರ ಪಾಲನ್ನೋ ಅವರಿಗೆ ತಿಳಿಸದೆ ತಗೊಂಡ ಮನೆಯಲ್ಲಿ ವಾಸ ಮಾಡುವುದು ನಮಗೆ ಬೇಕಿರಲಿಲ್ಲ.

ಹಕ್ಕಿನದು ಮುಗಿಯಿತು ಅನ್ನುವಷ್ಟರಲ್ಲಿ ಸ್ವಾಧೀನದ ಗಂಟು ಎದುರಾಯಿತು. ಲೀಸ್ ಅಂದರೆ ಬೆಂಗಳೂರಿನವರಿಗೆ ಗೊತ್ತು. ತಿಂಗಳ ಬಾಡಿಗೆ ಇಲ್ಲ, ಒಂದು ದೊಡ್ಡ ಮೊತ್ತ ಕೊಟ್ಟು ಇರುವುದು, ಬಿಡುವಾಗ ಅಷ್ಟೂ ವಾಪಸ್. ಈ ಮನೆಯವರು 9 ಲಕ್ಷ ಕೊಟ್ಟಿದ್ದರು. ಆ ದುಡ್ಡನ್ನು ಅಮ್ಮ ಯಜಮಾನರ ಆಸ್ಪತ್ರೆ ಖರ್ಚಿಗೆ ಬಳಸಿಬಿಟ್ಟಿದ್ದರು. ಹಾಗಾಗಿ ಲೀಸ್‌ನವರು ದುಡ್ಡು ಕೈಗೆ ಬರದೆ ಮನೆ ಬಿಡುವುದಿಲ್ಲ. ನಾವು ಮಾರಾಟದ ದುಡ್ಡು ಕೊಡದೆ ಅಮ್ಮ ಅವರಿಗೆ ಕೊಡಲಾರರು. ಮನೆ ಖಾಲಿಯಾಗದೆ ನಾವು ನೋಂದಣಿ ಮಾಡಿಸಿಕೊಳ್ಳುವುದಿಲ್ಲ.

ಬ್ರೋಕರ್ ಸಲಹೆ, 'ರಿಜಿಸ್ಟ್ರೇಷನ್ ಆಗಲಿ ಸಾರ್, ಆಮೇಲೆ ಹದಿನೈದು ದಿನದಲ್ಲಿ ಖಾಲಿ ಮಾಡಿಸೋಣ.' ಇದಕ್ಕೆ ಮಾತ್ರ ಒಪ್ಪಬಾರದು. ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆದಾರರ ಹಕ್ಕು ಹೋಗುವುದಿಲ್ಲ, ಮಾಲೀಕರ ಜಾಗಕ್ಕೆ ನಾವು ಬಂದು ನಿಲ್ಲುತ್ತೇವೆ ಅಷ್ಟೇ. ಖಾಲಿ ಮಾಡದಿದ್ದರೆ ಕೋರ್ಟಿಗೆ ಹೋಗಬೇಕಾದವರು ನಾವು. ಪೂರ್ತಿ ದುಡ್ಡು ಪಡೆದ ಮಾರಾಟಗಾರರಿಗೆ ಓಡಾಡುವ ಅವಸರವೂ ಇರುವುದಿಲ್ಲ.

ಆ ಎರಡು ಪುಟದ ಪತ್ರದಲ್ಲಿ ಬರೆಸಿದ್ದು: 'ಫ್ಲ್ಯಾಟ್ ಪೂರ್ತಿ ಖಾಲಿಯಾಗಿ, ಯಾರ ಸ್ವಾಧೀನದಲ್ಲೂ ಇಲ್ಲದೆ, ಖರೀದಿದಾರರು ಬಂದು ನೋಡಿದ ನಂತರವೇ ಕ್ರಯಪತ್ರ ನೋಂದಣಿ. ಖಾಲಿ ಮಾಡುವ ಕೊನೆಯ ದಿನ ಮೇ 15. ತಡವಾದರೆ ದಿನಕ್ಕೆ 800 ರೂಪಾಯಿಯಂತೆ ಬೆಲೆಯಲ್ಲಿ ಕಡಿತ. 30 ದಿನ ಮೀರಿದರೆ ಖರೀದಿದಾರರು ಬಯಸಿದಲ್ಲಿ ಒಪ್ಪಂದ ರದ್ದು, ಅವರು ಕೊಟ್ಟ ಎಲ್ಲ ಹಣ ವಾಪಸ್.' 800 ಎಲ್ಲಿಂದ ಬಂತು ಅಂದರೆ, ನಾವಿದ್ದ ಬಾಡಿಗೆ ಮನೆಗೆ ತಿಂಗಳಿಗೆ 24,000. ಒಂದು ದಿನದ ಬಾಡಿಗೆ ಅಷ್ಟು. ಬಾಯಿಗೆ ಬಂದಂತೆ ಐದು ಸಾವಿರ ಅಂತ ಹಾಕಿದ್ದರೆ ಅವರು ಒಪ್ಪುತ್ತಿರಲಿಲ್ಲ. ನಮಗೆ ಆಗುವ ನಷ್ಟ ಇದು ಅಂತ ಬಾಡಿಗೆ ಕರಾರು ತೋರಿಸಿದಾಗ ಮಗ ಮರುಮಾತಾಡಲಿಲ್ಲ.

ಗಂಟು ಬಿಡಿಸಿದ್ದು ಹೀಗೆ. ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ಕ್ರಯದ ಕರಾರು ಮಾಡಿಕೊಂಡು ಅದನ್ನೂ ನೋಂದಣಿ ಮಾಡಿಸಿದೆವು. ನೋಂದಣಿಯಾದ ಕರಾರು ಇಸಿಯಲ್ಲಿ ಬರುತ್ತದೆ, ಹಾಗಾಗಿ ಮನೆ ಮೇಲೆ ನಮ್ಮ ಕರಾರು ಇರುವುದು ಯಾರು ಹುಡುಕಿದರೂ ಕಾಣುತ್ತದೆ. ಆ ಕರಾರಿನಲ್ಲಿ ಮುಂದಿನ ಕಂತು 8 ಲಕ್ಷ. ಅದು ಅಮ್ಮನ ಕೈಗಲ್ಲ, ಮನೆ ಖಾಲಿ ಮಾಡುವ ದಿನ ಲೀಸ್‌ನವರ ಹೆಸರಿನ ಡಿಡಿ ರೂಪದಲ್ಲಿ, ಕೀಲಿ ಕೊಟ್ಟ ಮೇಲೆ. ಅದನ್ನು ಬೆಲೆಯ ಭಾಗವಾಗಿ ಅಮ್ಮನಿಗೇ ಕೊಟ್ಟಂತೆ ಲೆಕ್ಕ. ಮೊದಲೇ ಕೊಟ್ಟಿದ್ದ ಟೋಕನ್ ಒಂದು ಲಕ್ಷವನ್ನು ಅವರು ಸೇರಿಸಿದರೆ 9 ಲಕ್ಷ ಸರಿಹೋಗುತ್ತದೆ. ಉಳಿದ 63 ಲಕ್ಷ ಕ್ರಯಪತ್ರದ ದಿನ, ಬ್ಯಾಂಕಿನ 55 ಮತ್ತು ನಮ್ಮ 8, ಅದರಲ್ಲಿ ಟಿಡಿಎಸ್ ಹಿಡಿದು. ಲೀಸ್‌ನವರೂ ಈ ವ್ಯವಸ್ಥೆಗೆ ಒಪ್ಪಿ, 9 ಲಕ್ಷ ಬಂದ ಮೇಲೆ ಮನೆ ಮೇಲೆ ತಮ್ಮದು ಏನೂ ಉಳಿದಿಲ್ಲ ಅಂತ ಬರೆದುಕೊಟ್ಟರು.

ಮೇ 15ಕ್ಕೆ ಖಾಲಿಯಾಗಲಿಲ್ಲ. ಅವರು ಹೋಗಬೇಕಿದ್ದ ಮನೆಗೆ ಬಣ್ಣ ಹೊಡೆಯುವುದು ಮುಗಿದಿರಲಿಲ್ಲ. ಮೊದಲಿನ ಹಾಗೆ ಬಾಯಿಮಾತಿನ ಒಪ್ಪಂದ ಇದ್ದಿದ್ದರೆ ಜಗಳವೇ ಆಗುತ್ತಿತ್ತು. ಈಗ ಮಗ ತಾವೇ ಫೋನ್ ಮಾಡಿ, 'ಸರ್, 27ಕ್ಕೆ ಖಾಲಿ ಮಾಡ್ತಾರೆ, ಹನ್ನೆರಡು ದಿನ ಆಗುತ್ತೆ, ಹಿಡಿದುಕೊಳ್ಳಿ' ಅಂದರು. 9,600 ರೂಪಾಯಿ.

27ರಂದು ಬೆಳಿಗ್ಗೆ ಹೋದಾಗ ಸಾಮಾನಿನ ಗಾಡಿ ಹೊರಟಿತ್ತು. ಮನೆಯಾಕೆ ಕೊನೆಯ ಸಲ ನೆಲ ಒರೆಸುತ್ತಿದ್ದರು. ಪತ್ರದ ಕೊನೆಯಲ್ಲಿ ಮನೆಯ ಜೊತೆ ಏನೇನು ಬರುತ್ತದೆ ಅಂತ ಬರೆಸಿದ್ದೆವು: ಎರಡು ವಾರ್ಡ್‌ರೋಬ್, ಗೀಸರ್, ಅಡುಗೆಮನೆಯ ಚಿಮಣಿ, ನೆಲಮಾಳಿಗೆಯ ಕಾರ್ ಪಾರ್ಕಿಂಗ್ ಜಾಗ. ಪಾರ್ಕಿಂಗ್ ನಂಬರನ್ನು ಹಳೆ ಕ್ರಯಪತ್ರದ ಜೊತೆ ಹೋಲಿಸಿ ನೋಡಿದೆವು, ಸರಿಯಿತ್ತು. ಅಸೋಸಿಯೇಷನ್‌ನಿಂದ ನಿರ್ವಹಣಾ ಶುಲ್ಕ ಬಾಕಿ ಇಲ್ಲ ಅನ್ನುವ ಪತ್ರ ಬಂದಿತ್ತು. ಹೆಂಡತಿ ಕರೆಂಟ್ ಮೀಟರಿನ ಫೋಟೋ ತೆಗೆದುಕೊಂಡಳು, ಅಲ್ಲಿವರೆಗಿನ ಬಿಲ್ಲು ಅವರದು. ಡಿಡಿ ಕೊಟ್ಟು ಸಹಿ ಹಾಕಿಸಿಕೊಂಡೆವು. ಮಗ ಬಾಗಿಲಿಗೆ ಹೊಸ ಬೀಗ ಹಾಕಿ ಒಂದು ಕೀಲಿ ತಾವಿಟ್ಟುಕೊಂಡು ಇನ್ನೊಂದನ್ನು ನಮಗೆ ಕೊಟ್ಟರು.

ಎರಡು ದಿನ ಬಿಟ್ಟು ಕ್ರಯಪತ್ರ ನೋಂದಣಿಯಾಯಿತು. ಮೂಲ ದಾಖಲೆಗಳನ್ನು, ಬಿಡುಗಡೆ ಪತ್ರವನ್ನೂ ಸೇರಿಸಿ, ಎಣಿಸಿ ತಗೊಂಡೆವು. ಹೊರಗೆ ಬಂದ ಮೇಲೆ ಅಮ್ಮ ತಮ್ಮ ಹತ್ತಿರ ಉಳಿದಿದ್ದ ಆ ಇನ್ನೊಂದು ಕೀಲಿಯನ್ನು ಪರ್ಸಿನಿಂದ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟರು.